ತಂಗಿಯ ‘ಹ್ಮ್’ ಎಷ್ಟು ಗಂಟೆಗೆ ಬಂತು?

ತಂಗಿ ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ವಾಟ್ಸ್ಆ್ಯಪ್‌ನಲ್ಲಿ ಅವಳಿಂದ ಬರುವುದು ‘ಹ್ಮ್’, ‘ಸರಿ’, ‘ಆಮೇಲೆ’, ಇಲ್ಲವೇ ಬರೀ ಹೆಬ್ಬೆರಳಿನ ಚಿತ್ರ. ನಾನು ಮೊದಲು ಮೆಸೇಜಿನ ಮೂಲೆಯಲ್ಲಿರುವ ಗಂಟೆ ನೋಡುತ್ತೇನೆ, ಮಾತು ಆಮೇಲೆ. ಗಂಟೆ ಗೊತ್ತಾದರೆ ಆ ‘ಹ್ಮ್’ ಬಂದದ್ದು ವಾರ್ಡಿನಿಂದಲೋ ಬಸ್ಸಿನಿಂದಲೋ ಹಾಸಿಗೆಯಿಂದಲೋ ಎಂದು ಬಹುಪಾಲು ತಿಳಿಯುತ್ತದೆ.

ಲೆಕ್ಕ ಇಷ್ಟೇ. ಚಳಿಗಾಲದಲ್ಲಿ ನಾವು ಅವರಿಗಿಂತ ಐದೂವರೆ ಗಂಟೆ ಮುಂದೆ, ಬೇಸಿಗೆಯಲ್ಲಿ ನಾಲ್ಕೂವರೆ. ಅಲ್ಲಿ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರ ಬದಲಿಸುತ್ತಾರೆ. 2026ರಲ್ಲಿ ಅದು ಮಾರ್ಚ್ 29 ಮತ್ತು ಅಕ್ಟೋಬರ್ 25. ಮಾರ್ಚ್‌ನಲ್ಲಿ ಅವಳ ಕರೆ ಒಂದು ಗಂಟೆ ಮೊದಲೇ ಬರುತ್ತದೆ, ಅಕ್ಟೋಬರ್‌ನಲ್ಲಿ ಮನೆಯವರು ‘ಇಷ್ಟೊತ್ತಿಗೆ ಫೋನ್ ಮಾಡಬೇಕಿತ್ತಲ್ಲ’ ಎಂದು ಒಂದು ಗಂಟೆ ಸುಮ್ಮನೆ ಚಡಪಡಿಸುತ್ತಾರೆ. ಆದ್ದರಿಂದ ಎರಡೂ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಮೊದಲೇ ಸುತ್ತು ಹಾಕಿಡುತ್ತೇನೆ.

ಅವಳ ಹಗಲು ಡ್ಯೂಟಿ ಬೆಳಿಗ್ಗೆ ಏಳೂವರೆಯಿಂದ ರಾತ್ರಿ ಎಂಟರವರೆಗೆ. ಚಳಿಗಾಲದಲ್ಲಿ ನಮ್ಮ ಗಡಿಯಾರದಲ್ಲಿ ಅದು ಮಧ್ಯಾಹ್ನ ಒಂದರಿಂದ ರಾತ್ರಿ ಒಂದೂವರೆ. ರಾತ್ರಿ ಡ್ಯೂಟಿ ಏಳೂವರೆಗೆ ಶುರುವಾಗಿ ಮರುದಿನ ಬೆಳಿಗ್ಗೆ ಎಂಟಕ್ಕೆ ಮುಗಿಯುತ್ತದೆ, ಅಂದರೆ ನಮ್ಮ ನಡುರಾತ್ರಿ ಒಂದರಿಂದ ಮಧ್ಯಾಹ್ನ ಒಂದೂವರೆ. ಅದನ್ನು ಮುಗಿಸಿ ಮನೆ ಸೇರಿ ಅವಳು ಮಲಗುವುದು ಅಲ್ಲಿಯ ಒಂಬತ್ತೂವರೆಯಿಂದ ಮೂರೂವರೆವರೆಗೆ, ನಮ್ಮ ಮಧ್ಯಾಹ್ನ ಮೂರರಿಂದ ರಾತ್ರಿ ಒಂಬತ್ತು.

ಈಗ ಅಮ್ಮನಿಗೆ ಮಾತಾಡಲು ಪುರುಸೊತ್ತಾಗುವ ಹೊತ್ತು ನೋಡಿ: ದೀಪ ಹಚ್ಚಿ, ಅಡುಗೆಗೆ ಇಟ್ಟ ಮೇಲೆ, ಏಳೂವರೆ ಎಂಟಕ್ಕೆ. ಹಗಲು ಡ್ಯೂಟಿಯ ದಿನ ಆಗ ಅವಳು ರೋಗಿಗಳ ನಡುವೆ ಇರುತ್ತಾಳೆ, ರಾತ್ರಿ ಡ್ಯೂಟಿ ಮುಗಿಸಿ ಬಂದ ದಿನ ಗಾಢ ನಿದ್ದೆಯಲ್ಲಿ ಇರುತ್ತಾಳೆ. ಅಮ್ಮನ ಹೊತ್ತು ಅವಳಿಗೆ ಒಗ್ಗುವುದು ರಜೆಯ ದಿನ ಮಾತ್ರ. ‘ಯಾವಾಗ ನೋಡಿದರೂ ಒಂದೇ ಅಕ್ಷರ’ ಎಂಬ ದೂರು ಹುಟ್ಟುವುದೇ ಇಲ್ಲಿಂದ.

ಡ್ಯೂಟಿ ಪಟ್ಟಿ ಅವಳ ಕೈಗೆ ಕೆಲವು ವಾರ ಮೊದಲೇ ಸಿಗುತ್ತದೆ. ಅದರ ಸ್ಕ್ರೀನ್‌ಶಾಟ್ ಕಳಿಸಲು ಹೇಳಿದ್ದೇನೆ. ಕ್ಯಾಲೆಂಡರಿನ ಆಯಾ ಚೌಕದಲ್ಲಿ ‘ಹ’, ‘ರಾ’, ‘ರ’ ಎಂದು ಬರೆಯುತ್ತೇನೆ: ಹಗಲು, ರಾತ್ರಿ, ರಜೆ. ಕೊನೆಯ ರಾತ್ರಿ ಡ್ಯೂಟಿ ಮುಗಿದು ಬರುವ ದಿನಕ್ಕೆ ಮಾತ್ರ ಪಟ್ಟಿಯಲ್ಲಿ ರಜೆ ಎಂದಿದ್ದರೂ ನಾನು ‘ನಿ’ ಬರೆಯುತ್ತೇನೆ, ನಿದ್ದೆ ಎಂದು. ಪಟ್ಟಿಯನ್ನು ನಂಬಿ ಫೋನ್ ಮಾಡುವವರು ಎಡವುವುದು ಈ ದಿನವೇ. ಆವತ್ತು ಬಂದ ‘ಹ್ಮ್’ನಿಂದ ಏನನ್ನೂ ತೀರ್ಮಾನಿಸುವುದಿಲ್ಲ.

ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ನವೆಂಬರ್ ತಿಂಗಳು, ಮಂಗಳವಾರ, ಚೌಕದಲ್ಲಿ ‘ಹ’. ರಾತ್ರಿ 8:10ಕ್ಕೆ ಅಮ್ಮ ಬರೆಯುತ್ತಾರೆ: ‘ಅಪ್ಪನ ಶುಗರ್ ರಿಪೋರ್ಟ್ ಬಂತು. ಫೋನ್ ಮಾಡು ಮಗಾ.’ ಎರಡು ಬೂದು ಗೆರೆ ಬಿದ್ದು ನಿಲ್ಲುತ್ತವೆ. 9:52ಕ್ಕೆ ಉತ್ತರ: ‘ಸರಿ.’ ರಾತ್ರಿ 1:48ಕ್ಕೆ ಇನ್ನೊಂದು: ‘ಈಗ ಬಿಟ್ಟೆ. ನಾಳೆ ಮಾಡ್ತೀನಿ.’

ಬೆಳಿಗ್ಗೆ ಎದ್ದು ಓದಿದ ಅಮ್ಮನಿಗೆ ಅನಿಸುವುದು, ಅಪ್ಪನ ವಿಷಯಕ್ಕೂ ಇವಳಿಗೆ ಒಂದು ದಿನದ ಮೇಲೆ ಪುರುಸೊತ್ತು. ಅಲ್ಲಿಯ ಗಂಟೆ ಇಟ್ಟು ಓದಿ. ಮೆಸೇಜ್ ಹೋದಾಗ ಅಲ್ಲಿ ಮಧ್ಯಾಹ್ನ 2:40. ಬೂದು ಗೆರೆ ಎರಡಿದ್ದರೆ ಫೋನಿಗೆ ತಲುಪಿದೆ ಎಂದಷ್ಟೇ ಅರ್ಥ, ಫೋನ್ ಲಾಕರಿನಲ್ಲೇ ಇರಬಹುದು. (ಗೆರೆ ಒಂದೇ ಇದ್ದರೆ ಫೋನಿಗೆ ನೆಟ್‌ವರ್ಕ್ ಇಲ್ಲ, ಇಲ್ಲವೇ ಅದು ಆಫ್ ಆಗಿದೆ. ನೀಲಿ ಆಗದಿದ್ದ ಮಾತ್ರಕ್ಕೆ ಓದಿಲ್ಲ ಎಂದೂ ಅಲ್ಲ, ಪರದೆಯ ಮೇಲಿನ ನೋಟಿಫಿಕೇಶನ್‌ನಲ್ಲೇ ಓದಿರಬಹುದು.) ‘ಸರಿ’ ಬಂದದ್ದು ಅಲ್ಲಿಯ 4:22ಕ್ಕೆ, ಬ್ರೇಕಿನಲ್ಲಿ. ಆ ಬ್ರೇಕಿನಲ್ಲೇ ಅವಳು ತಿನ್ನಬೇಕು, ಶೌಚಕ್ಕೆ ಹೋಗಬೇಕು, ಕಾಲು ಚಾಚಬೇಕು. ಆ ‘ಸರಿ’ ಬರೀ ಓದಿದ್ದೇನೆ ಎಂಬ ರಸೀದಿ.

ಇನ್ನು ‘ನಾಳೆ’. ಅವಳು ಅದನ್ನು ಬರೆದಾಗ ಅಲ್ಲಿ ಮಂಗಳವಾರ ರಾತ್ರಿ 8:18. ಅವಳ ನಾಳೆ ಬುಧವಾರ. ಇಲ್ಲಿ ಆಗಲೇ ಬುಧವಾರ ಹುಟ್ಟಿ ಸುಮಾರು ಎರಡು ಗಂಟೆಯಾಗಿತ್ತು, ಹಾಗಾಗಿ ಅಮ್ಮ ಗುರುವಾರಕ್ಕೆ ಕಾಯುತ್ತಾರೆ. ಬುಧವಾರ ಮಧ್ಯಾಹ್ನ ಎರಡಕ್ಕೆ ಕರೆ ಬರುವಾಗ ಅಮ್ಮ ಫೋನನ್ನು ಒಳಗಿಟ್ಟು ಹಿತ್ತಲಲ್ಲಿರುತ್ತಾರೆ. ರಾತ್ರಿ ಡ್ಯೂಟಿಯಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಬೆಳಿಗ್ಗೆ ಎಂಟಕ್ಕೆ ವಾರ್ಡು ಬಿಡುವವಳು ‘ನಾಳೆ’ ಎಂದರೆ ಮಲಗಿ ಎದ್ದ ಮೇಲೆ ಎಂದೇ ಎಷ್ಟೋ ಸಲ ಅರ್ಥ. ಈಗ ನಮ್ಮಲ್ಲಿ ಇವತ್ತು, ನಾಳೆ ಎಂದು ಬರೆಯುವುದಿಲ್ಲ. ‘ಬುಧವಾರ, ನಿಮ್ಮ ಮಧ್ಯಾಹ್ನ ಎರಡು’ ಎಂದೇ ಬರೆಯುವುದು.

ಮೊಟಕು ಉತ್ತರಕ್ಕೆ ಅರ್ಧ ಕಾರಣ ನಾವು ಕೇಳುವ ರೀತಿ. ‘ಊಟ ಆಯ್ತಾ, ಚಳಿ ಹೇಗಿದೆ, ದುಡ್ಡು ಕಳಿಸಿದ್ದು ಸಿಕ್ತು, ಅತ್ತೆ ಮನೆ ಗೃಹಪ್ರವೇಶಕ್ಕೆ ಏನು ಕೊಡೋಣ’ ಎಂದು ಒಂದೇ ಉಸಿರಿಗೆ ಬರೆದರೆ ಬರುವ ‘ಹೂಂ’ ಯಾವುದಕ್ಕೆಂದು ಯಾರಿಗೂ ತಿಳಿಯದು. ಹನ್ನೆರಡು ಗಂಟೆ ನಿಂತು ದುಡಿದವಳಿಗೆ ಆರಿಸಿ ಉತ್ತರಿಸುವುದೇ ಒಂದು ಕೆಲಸ. ಆದ್ದರಿಂದ ಡ್ಯೂಟಿ ದಿನ ಒಂದು ಮೆಸೇಜಿಗೆ ಒಂದೇ ಪ್ರಶ್ನೆ, ಅದೂ ಒಂದೇ ಪದದಲ್ಲಿ ಉತ್ತರಿಸುವಂಥದ್ದು. ‘ಫೋನ್ ಮಾಡು’ ಎಂದು ಬರೆಯುವುದಂತೂ ಬಿಟ್ಟೇ ಬಿಟ್ಟಿದ್ದೇವೆ. ದೂರದಲ್ಲಿರುವವರಿಗೆ ಅದು ಕೆಟ್ಟ ಸುದ್ದಿಯ ಮುನ್ನುಡಿಯಂತೆ ಕೇಳುತ್ತದೆ. ಮೇಲಿನ ಮೆಸೇಜು ಹೀಗಿದ್ದರೆ ಸಾಕಿತ್ತು: ‘ಅಪ್ಪನ ಶುಗರ್ ಊಟಕ್ಕೆ ಮುಂಚೆ 128. ಮಾತ್ರೆ ಬದಲಿಸಿಲ್ಲ. ಅವಸರ ಇಲ್ಲ, ನಿನ್ನ ರಜೆ ದಿನ ಮಾತಾಡೋಣ.’ ಇದಕ್ಕೆ ಹೆಬ್ಬೆರಳೇ ಪೂರ್ಣ ಉತ್ತರ.

ಹಾಗಂತ ಎಲ್ಲವನ್ನೂ ಸುಸ್ತಿನ ಲೆಕ್ಕಕ್ಕೆ ಬರೆಯಬಾರದು. ಡ್ಯೂಟಿ ದಿನದ ಉತ್ತರವನ್ನು ಡ್ಯೂಟಿ ದಿನದ ಉತ್ತರದ ಜೊತೆಗೆ, ರಜೆಯದನ್ನು ರಜೆಯ ಜೊತೆಗೆ ಹೋಲಿಸುತ್ತೇನೆ. ಹಗಲು ಡ್ಯೂಟಿಯಲ್ಲಿ ಸದಾ ‘ಹ್ಮ್’ ಎನ್ನುವವಳು ‘ಹ್ಮ್’ ಎಂದರೆ ಸುದ್ದಿಯೇ ಅಲ್ಲ. ಚೆನ್ನಾಗಿ ಮಲಗಿ ಎದ್ದ ಎರಡನೇ ರಜೆ ದಿನವೂ ಅಷ್ಟೇ ಬಂದರೆ, ಮುಂದಿನ ಸಲದ ರಜೆಯಲ್ಲೂ ಹಾಗೇ ಆದರೆ, ವೀಡಿಯೊ ಕಾಲಿಗೆ ನೆಪ ಹೇಳತೊಡಗಿದರೆ, ಆಗ ನೇರವಾಗಿ ಕೇಳುವುದು ಒಳ್ಳೆಯದು. ಡಿಸೆಂಬರ್, ಜನವರಿಯಲ್ಲಿ ಇದನ್ನು ಹೆಚ್ಚು ಗಮನಿಸುತ್ತೇನೆ. ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಸೂರ್ಯ ಹುಟ್ಟುವುದು ಎಂಟರ ಸುಮಾರಿಗೆ, ಮುಳುಗುವುದು ನಾಲ್ಕರೊಳಗೆ. ಹಗಲು ಡ್ಯೂಟಿಯವರು ಕತ್ತಲಲ್ಲಿ ಹೋಗಿ ಕತ್ತಲಲ್ಲೇ ಬರುತ್ತಾರೆ. ಮನಸ್ಸು ಕುಗ್ಗಲು ಬೇರೆ ಕಾರಣವೇ ಬೇಡ. ಕೇಳುವಾಗ ‘ಯಾಕೆ ಮಾತಾಡಲ್ಲ’ ಎನ್ನುವುದಕ್ಕಿಂತ ‘ಈ ವಾರ ನಿದ್ದೆ ಸರಿ ಬಂತಾ’ ಎಂದರೆ ಅವಳ ಬಾಯಿ ಬೇಗ ಬಿಡುತ್ತದೆ.

ನಿಜವಾದ ತುರ್ತಿಗೆ ಬೇರೆ ದಾರಿ ಇಟ್ಟುಕೊಂಡಿದ್ದೇವೆ. ಒಂದು ಮಿಸ್ಡ್ ಕಾಲ್ ಎಂದರೆ ಬಿಡುವಾದಾಗ ಮಾಡು, ಬೆನ್ನುಬೆನ್ನಿಗೆ ಎರಡು ಕರೆ ಎಂದರೆ ಎದ್ದು ಎತ್ತು. ಮಲಗುವಾಗ ಫೋನನ್ನು ಡು ನಾಟ್ ಡಿಸ್ಟರ್ಬ್‌ಗೆ ಹಾಕಿದ್ದರೂ ಅದೇ ನಂಬರಿನಿಂದ ಮತ್ತೆ ಬಂದ ಕರೆ ರಿಂಗ್ ಆಗುವ ಸೆಟ್ಟಿಂಗ್ ಇದೆ, ಐಫೋನಿನಲ್ಲಿ ಎರಡನೆಯದು ಮೂರು ನಿಮಿಷದೊಳಗೆ ಬರಬೇಕು. ಅದನ್ನು ಆನ್ ಮಾಡಿಸಿದ್ದೇನೆ. ಇದಕ್ಕೆ ಮಾಮೂಲಿ ಫೋನ್ ಕರೆಯೇ ಮಾಡುತ್ತೇವೆ, ಅದಕ್ಕಾಗಿ ಮನೆಯ ಒಂದು ಸಿಮ್ಮಿನಲ್ಲಿ ಐಎಸ್‌ಡಿ ಇದೆ. ಫೋನ್ ಲಾಕರಿನಲ್ಲಿದ್ದರೆ ಇದೂ ಉಪಯೋಗಕ್ಕಿಲ್ಲ. ಆಗ ಬೇಕಾಗುವುದು ಆಸ್ಪತ್ರೆಯ ಸ್ವಿಚ್‌ಬೋರ್ಡ್ ನಂಬರ್ ಮತ್ತು ವಾರ್ಡಿನ ಹೆಸರು. ಎರಡನ್ನೂ ದಪ್ಪ ಅಕ್ಷರದಲ್ಲಿ ಬರೆದು ಕ್ಯಾಲೆಂಡರಿನ ಪಕ್ಕ ಅಂಟಿಸಿದೆ. ಅಲ್ಲಿಯವರು ನಂಬರನ್ನು ಸೊನ್ನೆಯಿಂದ ಶುರು ಮಾಡಿ ಕೊಡುತ್ತಾರೆ. ಇಲ್ಲಿಂದ ಒತ್ತುವಾಗ ಆ ಸೊನ್ನೆ ಬಿಟ್ಟು ಮೊದಲಿಗೆ 0044 ಸೇರಿಸಬೇಕು.