ಸ್ಪ್ಯಾನರ್ ಕೆಳಗಿಟ್ಟು ಪುಸ್ತಕ ಹಿಡಿದ ಮೇಲೆ: ಗಂಗಾವತಿಯ ಒಬ್ಬ ಅಕ್ಕಿ ಮಿಲ್ ಮ್ಯಾನೇಜರನ ಅನುಭವ

ಹದಿನಾಲ್ಕು ವರ್ಷ ಡ್ರೈಯರ್ ಮುಂದೆ ನಿಂತವನು ನಾನು. ನಮ್ಮ ಹಳೇ ಮ್ಯಾನೇಜರು ಬಿಟ್ಟು ಹೋದಾಗ ಸಾವ್ಕಾರ್ರು ಒಂದು ಮಧ್ಯಾಹ್ನ ಕರೆದು, "ನಾಳಿಂದ ಆಫೀಸಿನ ಖುರ್ಚಿ ನಿಂದು" ಅಂದರು. ಪಗಾರ ಹೆಚ್ಚುಕಡಿಮೆ ಒಂದೂವರೆ ಪಟ್ಟಾಯಿತು, ನಿದ್ದೆ ಅರ್ಧಕ್ಕಿಳಿಯಿತು. ನೆಲ್ಲಿನ ಖರೀದಿ, ಹಮಾಲರ ಲೆಕ್ಕ, ಲಾರಿ, ಬ್ಯಾಂಕು ಎಲ್ಲ ನನ್ನ ತಲೆ ಮೇಲೆ ಬಂತು. ಯಾರಾದರೂ "ಮ್ಯಾನೇಜರ್ರೆ" ಅಂದರೆ ಹಿಂದೆ ತಿರುಗಿ ನೋಡುತ್ತಿದ್ದೆ. ಒಂದಲ್ಲ ಒಂದು ದಿನ ಇವನಿಗೆ ಏನೂ ಬರೋದಿಲ್ಲ ಅಂತ ಎಲ್ಲರಿಗೂ ಗೊತ್ತಾಗುತ್ತೆ ಅನ್ನೋ ಭಯ ಸದಾ ಇತ್ತು. ಧಾರವಾಡದಲ್ಲಿ ಓದುವ ನನ್ನ ತಂಗಿಯ ಮಗಳು, ಈ ಭಯಕ್ಕೆ 1978ರಲ್ಲೇ ಅಮೆರಿಕದ ಇಬ್ಬರು ಮನಃಶಾಸ್ತ್ರಜ್ಞೆಯರು ಹೆಸರಿಟ್ಟಿದ್ದಾರೆ ಮಾವ ಅಂದಳು. ಹೆಸರಿದೆ ಅಂತ ತಿಳಿದು ಸ್ವಲ್ಪ ಸಮಾಧಾನ ಆಯಿತು, ಖರೀದಿಗೆ ಮಾತ್ರ ಅದು ಕೆಲಸಕ್ಕೆ ಬರಲಿಲ್ಲ.

ಮೊದಲ ಹಂಗಾಮಿನಲ್ಲಿ ನಾನು ಮಾಡಿದ್ದು ನಮ್ಮಂಥವರೆಲ್ಲ ಮಾಡುವ ತಪ್ಪು. ಖುರ್ಚಿಯಲ್ಲಿ ಕೂತರೆ ಎದೆ ಡವಗುಟ್ಟುತ್ತಿತ್ತು, ಸ್ಪ್ಯಾನರ್ ಹಿಡಿದರೆ ನಿಲ್ಲುತ್ತಿತ್ತು. ಹಾಗಾಗಿ ದಿನಕ್ಕೆ ಐದಾರು ತಾಸು ನೆಲ್ಲು ಮೇಲೆತ್ತುವ ಎಲಿವೇಟರಿನ ಕೆಳಗೇ ಇರುತ್ತಿದ್ದೆ. ಆಪರೇಟರ್ ಅಣ್ಣ, ನನಗಿಂತ ಎಂಟು ವರ್ಷ ದೊಡ್ಡವನು, ಒಮ್ಮೆ ಕೇಳಿಯೇ ಬಿಟ್ಟ: "ನೀ ಇಲ್ಲೇ ಇದ್ದರ ಅಲ್ಲಿ ಯಾರದಾರೋ?"

ಅಲ್ಲಿ ಯಾರೂ ಇರಲಿಲ್ಲ. ಅದೇ ವಾರ ದಲಾಲಿಯೊಬ್ಬ ಸುಮಾರು 600 ಚೀಲ ಸೋನಾ ಮಸೂರಿ ತೋರಿಸಿದ. ತೇವ ನೋಡುವ ಮೀಟರ್ ಹಚ್ಚಿದೆ, ನೂರಕ್ಕೆ 15 ತೋರಿಸಿತು. ಒಣಗಿಸುವ ಖರ್ಚು ಉಳಿಯಿತು ಅಂತ ಹಿಗ್ಗಿ, 75 ಕೆಜಿ ಚೀಲಕ್ಕೆ ಬಜಾರಿಗಿಂತ 40 ರೂಪಾಯಿ ಹೆಚ್ಚೇ ಕೊಟ್ಟೆ. ಮೀಟರ್ ಇವತ್ತಿನ ತೇವ ಹೇಳುತ್ತೆ, ನೆಲ್ಲು ಹೊಲದಲ್ಲಿ ಏನು ಅನುಭವಿಸಿ ಬಂತು ಅಂತ ಹೇಳೋದಿಲ್ಲ. ಆ ನೆಲ್ಲು ಪೈರಿನಲ್ಲೇ ಒಣಗಿ, ಮೇಲೆ ಮಳೆ ಕುಡಿದು, ಮತ್ತೆ ಒಣಗಿದ್ದು. ಹಾಗಾದಾಗ ಕಾಳಿನೊಳಗೆ ಕೂದಲೆಳೆಯಷ್ಟು ಬಿರುಕು ಬೀಳುತ್ತೆ, ಸಿಪ್ಪೆ ಮೇಲೆ ಏನೂ ಕಾಣೋದಿಲ್ಲ. ಪಾಲಿಶರಿನಲ್ಲಿ ಕಾಳು ಎರಡಾದಾಗಲೇ ಗೊತ್ತಾಗೋದು.

ಲೆಕ್ಕ ಹೀಗಾಯಿತು. 600 ಚೀಲ ಅಂದರೆ 450 ಕ್ವಿಂಟಾಲ್. ನೂರಕ್ಕೆ 55 ಇಡೀ ಅಕ್ಕಿ ಬರುತ್ತೆ ಅಂದುಕೊಂಡಿದ್ದೆ, 46 ಬಂತು. ನಲವತ್ತು ಕ್ವಿಂಟಾಲ್ ಅಕ್ಕಿ ನುಚ್ಚಾಯಿತು. ಆಗ ಇಡೀ ಅಕ್ಕಿಗೂ ನುಚ್ಚಿಗೂ ಕ್ವಿಂಟಾಲಿಗೆ ಎರಡು ಸಾವಿರದ ಮೇಲೇ ವ್ಯತ್ಯಾಸ ಇತ್ತು. ಚೀಲಕ್ಕೆ 40ರಂತೆ ಕೊಟ್ಟ ಹೆಚ್ಚಿನ ಹಣವೂ ಸೇರಿ ಲಕ್ಷ ದಾಟಿತು. ಅದಕ್ಕಿಂತ ನಾಚಿಕೆಯ ಮಾತು ಇನ್ನೊಂದು. ನುಚ್ಚು ಜಾಸ್ತಿ ಬರೋದು ಸಿಪ್ಪೆ ಸುಲಿಯುವ ರಬ್ಬರ್ ರೋಲ್ ದೋಷ ಅಂತ ಸಾವ್ಕಾರ್ರಿಗೆ ಸುಳ್ಳು ಹೇಳಿ, ಚೆನ್ನಾಗಿದ್ದ ರೋಲ್ ಜೋಡಿ ತೆಗೆಸಿ ಹೊಸದು ಹಾಕಿಸಿದೆ. ಅವರು ಏನೂ ಅನ್ನಲಿಲ್ಲ. ಗೊತ್ತಿತ್ತು ಅಂತ ಈಗ ಅನ್ನಿಸುತ್ತೆ.

ಅದಾದ ಮೇಲೆ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದೆ. ದೊಡ್ಡದೊಂದು ನಿರ್ಧಾರ ಮಾಡುವ ಮುಂಚೆ ಎಡಗಡೆ ಬರೆಯಬೇಕು: ಏನು ಮಾಡ್ತಿದ್ದೀನಿ, ಎಷ್ಟು ಬರುತ್ತೆ, ನನಗೆ ಹತ್ತರಲ್ಲಿ ಎಷ್ಟು ಖಾತ್ರಿ. ನಿಜಸಂಗತಿ ಗೊತ್ತಾದ ಮೇಲೆ ಬಲಗಡೆ ಅದನ್ನು ಬರೆಯಬೇಕು. ಅಂದಾಜನ್ನು ಪೆನ್ನಿನಲ್ಲೇ ಬರೆಯಬೇಕು, ಇಲ್ಲದಿದ್ದರೆ ಆಮೇಲೆ ಕೈ ಅದನ್ನು ತಿದ್ದುತ್ತೆ, ನನ್ನ ಕೈ ತಿದ್ದಿದೆ. ಸಾವ್ಕಾರ್ರ ತಮ್ಮ ನೋಡಿ ನಕ್ಕರು, "ಏನಪಾ, ಪರೀಕ್ಷಾಕ್ಕ ಕುಂತೀಯೇನು?" ದಲಾಲಿಗಳು ನನ್ನನ್ನು ಮಾಸ್ತರ್ರು ಅಂತ ಕರೆಯತೊಡಗಿದರು.

ಮೂರು ತಿಂಗಳಲ್ಲಿ ನಲವತ್ತರ ಆಸುಪಾಸು ಸಾಲುಗಳಾದವು. ಒಂದು ಭಾನುವಾರ ಕೂತು ಎಣಿಸಿದೆ. ನುಚ್ಚು, ತೇವ, ಒಣಗಿಸುವ ವೇಳೆ ಇವುಗಳಲ್ಲಿ ನನ್ನ ಅಂದಾಜು ಬಹುತೇಕ ಒಂದೆರಡು ಪರ್ಸೆಂಟಿನೊಳಗೇ ಇತ್ತು, ಆದರೂ ಖಾತ್ರಿ ಅಂತ ಬರೆದದ್ದು ಹತ್ತಕ್ಕೆ ನಾಲ್ಕು, ಐದು. ದರದ ಅಂದಾಜು ಅರ್ಧಕ್ಕರ್ಧ ತಪ್ಪು. ಆದರೆ ದಲಾಲಿಗಳು ಹೇಳಿದ್ದನ್ನೂ ಪಕ್ಕದಲ್ಲಿ ಬರೆದಿದ್ದೆನಲ್ಲ, ಅವರದ್ದೂ ಅಷ್ಟೇ ತಪ್ಪಾಗಿತ್ತು! ನಿಜವಾಗಿ ಕೆಟ್ಟದ್ದು ಜನರ ವಿಷಯದಲ್ಲಿ. ರಾತ್ರಿ ಪಾಳಿಗೆ ಯಾರನ್ನು ಹಾಕಬೇಕು, ಯಾರ ಕೈಗೆ ಮುಂಗಡ ಕೊಡಬೇಕು ಅನ್ನೋದರಲ್ಲಿ ಖಾತ್ರಿ ಎಂಟು ಅಂತ ಬರೆದು ಹತ್ತರಲ್ಲಿ ಆರು ಸಲ ಬಿದ್ದಿದ್ದೆ. ನನಗೆ ಏನೂ ಬರೋದಿಲ್ಲ ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಪುಸ್ತಕ ನೋಡಿದರೆ ಬಾರದ್ದು ಒಂದೇ, ಅದೂ ನಾನು ಹೆದರದೇ ಇದ್ದ ಕಡೆ.

ಬಿರುಕು ನೋಡುವುದೂ ಆಗಲೇ ರೂಢಿಯಾಯಿತು. ಐವತ್ತು ಕಾಳು ಕೈಯಲ್ಲಿ ಸುಲಿದು ಗಾಜಿನ ಮೇಲಿಟ್ಟು ಕೆಳಗಿನಿಂದ ಮೊಬೈಲ್ ಟಾರ್ಚ್ ಬಿಟ್ಟರೆ ಅಡ್ಡ ಗೆರೆ ಕಾಣುತ್ತೆ. ಎಷ್ಟು ಕಾಳಿಗೆ ಗೆರೆ ಇದ್ದರೆ ಎಷ್ಟು ದರ ಇಳಿಸುತ್ತೀನಿ ಅನ್ನೋದು ಮಾತ್ರ ಇಲ್ಲಿ ಬರೆಯೋದಿಲ್ಲ. ಅದಕ್ಕೆ ಲಕ್ಷ ರೂಪಾಯಿ ಫೀಸು ಕಟ್ಟಿದ್ದೀನಿ.

ನಡುವೆ ಬೇರೆ ಪ್ರಯೋಗಗಳೂ ಆದವು. ಮ್ಯಾನೇಜರ್ ಥರ ಕಾಣಲಿ ಅಂತ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದೆ. ಮಧ್ಯಾಹ್ನದೊಳಗೆ ತೌಡಿನ ಬಣ್ಣಕ್ಕೆ ಬಂತು. ನನ್ನ ತಪ್ಪುಗಳನ್ನು ಗೋಡೆಯ ಬೋರ್ಡಿನ ಮೇಲೆ ಬರೆದರೆ ಉಳಿದವರೂ ಮುಚ್ಚಿಡೋದಿಲ್ಲ ಅಂದುಕೊಂಡೆ. ಹಮಾಲರು ದಿನಾ ಬಂದು ಓದಿ ನಗುತ್ತಿದ್ದರು, ಅವರ ತಪ್ಪು ಒಂದೂ ಹೊರಗೆ ಬರಲಿಲ್ಲ. ನಾಲ್ಕನೇ ದಿನ ಸಾವ್ಕಾರ್ರೇ ಒರೆಸಿಸಿದರು.

ಫಲ ಕೊಟ್ಟದ್ದು ಸ್ಪ್ಯಾನರ್ ಬಿಟ್ಟದ್ದು. ಆರು ವಾರ ಯಾವ ಮಷಿನ್ನೂ ಮುಟ್ಟೋದಿಲ್ಲ ಅಂತ ಆಪರೇಟರ್ ಅಣ್ಣನ ಮುಂದೆ ಹೇಳಿದೆ. ಐದು ಸಾವಿರದ ತನಕ ಯಾವ ಸಾಮಾನು ಬೇಕಾದರೂ ನನ್ನ ಕೇಳದೆ ತಾ, ರಸೀದಿ ಮಾತ್ರ ಕೊಡು ಅಂದೆ. ಎರಡನೇ ವಾರವೇ ರಾತ್ರಿ ಡ್ರೈಯರಿನ ಎಲಿವೇಟರ್ ಬೆಲ್ಟ್ ಹರಿಯಿತು. 19 ತೇವದ ನೆಲ್ಲು ರಾಶಿ ಬಿದ್ದಿತ್ತು, ಕಾವು ಹಿಡಿದರೆ ಅಕ್ಕಿ ಹಳದಿಯಾಗುತ್ತೆ. ನಾನು ಹೋದೆ, ಹೊರಗೆ ಕಟ್ಟೆ ಮೇಲೆ ಕೂತೆ. ನಾಲ್ಕು ಚಹಾ ಕುಡಿದೆ. ನನ್ನ ಕೈಯಲ್ಲಿ ಒಂದೂವರೆ ತಾಸಿನ ಕೆಲಸ, ಅವನಿಗೆ ನಾಲ್ಕು ತಾಸು ಹಿಡಿಯಿತು. ಒಳಗಿಂದ ಒಮ್ಮೆ ಕೂಗಿದ, "ಬಾರೋ ಮಾರಾಯಾ!" ರಾಶಿ ತಿರುವಿ ಹಾಕಲು ಜನ ಕರೆಸು ಅಂದೆ, ಒಳಗೆ ಹೋಗಲಿಲ್ಲ. ಸ್ವಲ್ಪ ಅಕ್ಕಿ ಬಣ್ಣಗೆಟ್ಟು ಹನ್ನೆರಡು ಸಾವಿರದಷ್ಟು ಹೋಯಿತು. ಸಾವ್ಕಾರ್ರಿಗೆ ಈ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮುಂದಿನ ಸಲ ಬೆಲ್ಟ್ ಹರಿದಾಗ ನನಗೆ ಗೊತ್ತಾದದ್ದು ಮರುದಿನ ರಸೀದಿ ಬಂದ ಮೇಲೆ.

ಜನರ ವಿಷಯ ಇನ್ನೂ ಪೂರ್ತಿ ಸರಿಹೋಗಿಲ್ಲ. ಪಾಳಿಗೆ ಹೊಸಬರನ್ನು ಹಾಕುವ ಮುಂಚೆ ಈಗ ಅಣ್ಣನನ್ನು ಕೇಳಿ ಅವನ ಅಂದಾಜನ್ನೂ ಬರೆಯುತ್ತೀನಿ. ಅವನದು ನನ್ನದಕ್ಕಿಂತ ಸರಿ ಬರುತ್ತೆ, ಅದಕ್ಕೇ ಅವನು ಹೇಳಿದ ಹಾಗೆ ಮಾಡುತ್ತೀನಿ. ಕಳೆದ ಹಂಗಾಮಿನಲ್ಲಿ ನುಚ್ಚಿನಿಂದ ಆದ ಹಾನಿ ಮೊದಲ ವರ್ಷದ ಮೂರನೇ ಒಂದು ಭಾಗಕ್ಕಿಳಿಯಿತು. ನಕ್ಕಿದ್ದ ಸಾವ್ಕಾರ್ರ ತಮ್ಮ ಮೊನ್ನೆ ಆಫೀಸಿಗೆ ಬಂದು ಪುಸ್ತಕ ಎಲ್ಲಿ ಸಿಗುತ್ತೆ ಅಂತ ಕೇಳಿದರು. ಕಿರಾಣಿ ಅಂಗಡಿಯಲ್ಲಿ ಅಂದೆ.

ಈಗ ಸಾವ್ಕಾರ್ರು ಸಿಂಧನೂರು ಕಡೆ ಇನ್ನೊಂದು ಮಿಲ್ ಕರಾರಿಗೆ ಹಿಡಿಯುತ್ತಿದ್ದಾರೆ, ಅದನ್ನೂ ನೀನೇ ನೋಡು ಅಂದಿದ್ದಾರೆ. ಕೇಳಿದ ರಾತ್ರಿ ಎದೆ ಮತ್ತೆ ಹಳೇ ಥರ ಹೊಡೆದುಕೊಂಡಿತು. ಎದ್ದು ಪುಸ್ತಕದಲ್ಲಿ ಬರೆದೆ: "ಒಪ್ಪಿದರೆ ಮೊದಲ ಹಂಗಾಮಿಗೆ ನನ್ನಿಂದ ಎರಡು ಲಕ್ಷ ಹಾನಿ. ಖಾತ್ರಿ ಏಳು." ಮರುದಿನ ಆ ಪುಟವನ್ನೇ ಸಾವ್ಕಾರ್ರ ಮುಂದಿಟ್ಟೆ. ಕನ್ನಡಕ ಏರಿಸಿ ಓದಿ, ನನ್ನ ಪೆನ್ನು ತಗೊಂಡು ಎರಡನ್ನು ಹೊಡೆದುಹಾಕಿ ಮೂರು ಮಾಡಿದರು. "ಅಲ್ಲಿ ಡ್ರೈಯರ್ ಹಳೇದೈತಿ" ಅಂದರು.