ಕಿಡ್ನಿ ರೋಗಿಗೆ ಎಳನೀರು: ನಾನು ಲೆಕ್ಕ ಹಾಕುವ ರೀತಿ

ಹುಬ್ಬಳ್ಳಿಯಲ್ಲಿ ಕಿಡ್ನಿ ರೋಗಿಗಳಿಗೆ ಆಹಾರ ಸಲಹೆ ಕೊಡುವುದು ನನ್ನ ಕೆಲಸ. ಮಾರ್ಚ್ ಬಂತೆಂದರೆ ಎಳನೀರಿನ ಪ್ರಶ್ನೆ ಶುರು. ನಾನು ಮೊದಲು ಕೇಳುವುದು ರಕ್ತದ ರಿಪೋರ್ಟ್ ಮತ್ತು ಮಾತ್ರೆ ಚೀಟಿ.

ಹಾವೇರಿ ಕಡೆಯ ರೈತರೊಬ್ಬರ ಉದಾಹರಣೆ ಹೇಳುತ್ತೇನೆ. ವಯಸ್ಸು 58, ಸಕ್ಕರೆ ಕಾಯಿಲೆ, ಬಿಪಿಗೆ ಟೆಲ್ಮಿಸಾರ್ಟನ್. ಕ್ರಿಯಾಟಿನಿನ್ 2.1. ಅಂದರೆ ಕಿಡ್ನಿ ಸೋಸುವ ಪ್ರಮಾಣ ಸುಮಾರು 36ಕ್ಕೆ ಇಳಿದಿತ್ತು. ಪೊಟ್ಯಾಸಿಯಂ 5.9 ಬಂದಿತ್ತು. ಸಾಮಾನ್ಯವಾಗಿ ಅದು 3.5ರಿಂದ 5ರ ಆಸುಪಾಸಿನಲ್ಲಿರಬೇಕು. ರಕ್ತ ತೆಗೆಯುವಾಗ ಕಣಗಳು ಒಡೆದರೂ ಸುಳ್ಳು ಏರಿಕೆ ಕಾಣುತ್ತದೆ. ಹಾಗಾಗಿ ಡಾಕ್ಟರು ಆಗಲೇ ಇಸಿಜಿ ತೆಗೆಸಿ, ರಕ್ತವನ್ನು ಮತ್ತೊಮ್ಮೆ ಪರೀಕ್ಷೆಗೆ ಕಳಿಸಿದರು. ಇಸಿಜಿ ಸರಿಯಿತ್ತು, ಪೊಟ್ಯಾಸಿಯಂ ಮಾತ್ರ ನಿಜಕ್ಕೂ ಜಾಸ್ತಿಯೇ ಇತ್ತು.

ದಿನಕ್ಕೆ ಎರಡು ಎಳನೀರು ಕುಡಿಯುತ್ತಿದ್ದರು. "ಮೇಡಂ, ಅದು ತಂಪು ಅಲ್ರೀ? ಅದರಿಂದ ಏನ್ ತ್ರಾಸ ಆಗ್ತದ್ರಿ?" ಎಂದರು.

ಒಂದು ಕಾಯಿ ತರಿಸಿ ಅಳತೆ ಲೋಟಕ್ಕೆ ಸುರಿದು ತೋರಿಸಿದೆ. ಸುಮಾರು 350 ಮಿಲಿ. ನೂರು ಮಿಲಿಯಲ್ಲಿ ಸರಿಸುಮಾರು 200ರಿಂದ 250 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ತಳಿ, ಕಾಯಿಯ ಎಳಸುತನ ನೋಡಿ ಸ್ವಲ್ಪ ಹೆಚ್ಚುಕಮ್ಮಿ. ಎರಡು ಕಾಯಿಗೆ 1,400 ದಾಟಿತು. ಇವರಿಗೆ ಇಡೀ ದಿನಕ್ಕೆ ನಾವು ಇಟ್ಟ ಮಿತಿಯೇ 2,000. ಇನ್ನು ರೊಟ್ಟಿ, ಕಾಳುಪಲ್ಯ, ಹಾಲು ಎಲ್ಲಿ ಹಿಡಿಸಬೇಕು? ತರಕಾರಿಯಾದರೆ ಹೆಚ್ಚಿ, ಜಾಸ್ತಿ ನೀರಲ್ಲಿ ಕುದಿಸಿ, ಆ ನೀರು ಚೆಲ್ಲಿ ಒಂದಿಷ್ಟು ಕಡಿಮೆ ಮಾಡಬಹುದು. ಎಳನೀರಿಗೆ ಆ ದಾರಿಯೇ ಇಲ್ಲ, ಪೊಟ್ಯಾಸಿಯಂ ಇರುವುದೇ ನೀರಲ್ಲಿ.

ಆರೋಗ್ಯವಂತರ ಕಿಡ್ನಿ ಇಷ್ಟನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಇವರಿಗೆ ಕಿಡ್ನಿಯೂ ಸೋತಿದೆ, ಜೊತೆಗೆ ಟೆಲ್ಮಿಸಾರ್ಟನ್ ಕೂಡ ಪೊಟ್ಯಾಸಿಯಂ ಹಿಡಿದಿಡುತ್ತದೆ. ರಾಮಿಪ್ರಿಲ್, ಸ್ಪೈರೋನೊಲ್ಯಾಕ್ಟೋನ್ ಕೂಡ ಹಾಗೆಯೇ. ಆದರೆ ಇವು ಬೇಕಾದ ಮಾತ್ರೆಗಳು, ಎಳನೀರಿಗಾಗಿ ತಾವೇ ನಿಲ್ಲಿಸುವಂತಿಲ್ಲ. ಮೈಯಲ್ಲಿ ಸೂಚನೆ ಕಾಣಲಿ ಅಂತ ಕಾಯುವುದೂ ತಪ್ಪು. ಕೆಲವರಿಗೆ ಕಾಲು ಸೋಲುತ್ತದೆ, ಜುಮುಗುಡುತ್ತದೆ. ಎಷ್ಟೋ ಜನಕ್ಕೆ ಏನೂ ಗೊತ್ತಾಗದೆ ನೇರವಾಗಿ ಹೃದಯದ ಬಡಿತವೇ ತಪ್ಪುತ್ತದೆ.

ಎಳನೀರು ಪೂರ್ತಿ ಬಿಡಿಸಿದೆ. ಬಿಸಿಲಿಗೆ ಡಾಕ್ಟರು ಹೇಳಿದ ಅಳತೆಯ ನೀರಿಗೇ ನಾಲ್ಕು ಹನಿ ಲಿಂಬೆ. ಮನೆಯಲ್ಲಿ 'ಕಡಿಮೆ ಸೋಡಿಯಂ' ಉಪ್ಪು ಬಳಸುತ್ತಿದ್ದರು. ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ, ಅದನ್ನೂ ತೆಗೆಸಿದೆ. ಮುಂದಿನ ವಾರ 4.9ಕ್ಕೆ ಇಳಿಯಿತು, ಮಾತ್ರೆ ಮುಂದುವರಿಯಿತು.

ಎಲ್ಲ ಕಿಡ್ನಿ ರೋಗಿಗೂ ಬೇಡವೇ ಬೇಡ ಅನ್ನುವುದಿಲ್ಲ. ಆರಂಭದ ಹಂತ, ಪೊಟ್ಯಾಸಿಯಂ ಸರಿಯಾಗಿದೆ, ಅದನ್ನು ಏರಿಸುವ ಮಾತ್ರೆ ಇಲ್ಲ ಅಂದರೆ ಡಾಕ್ಟರನ್ನು ಕೇಳಿ ಅಪರೂಪಕ್ಕೆ ಅರ್ಧ ಲೋಟ ಕೊಡುತ್ತೇನೆ, ಆ ದಿನದ ಹಣ್ಣಿನ ಬದಲಿಗೆ. ಡಯಾಲಿಸಿಸ್‌ನಲ್ಲಿದ್ದು ಮೂತ್ರ ನಿಂತವರಿಗೆ ನಾನಾಗಿ ಕೊಡುವುದಿಲ್ಲ. ಎರಡು ಡಯಾಲಿಸಿಸ್ ನಡುವೆ ಜಾಸ್ತಿ ದಿನ ಬಿಡುವಿದ್ದಾಗಂತೂ ಗುಟುಕೂ ಬೇಡ.