ಮೇ ತಿಂಗಳ ಯುರೋಪ್ ಪ್ರವಾಸಕ್ಕೆ ನವೆಂಬರಿನಿಂದಲೇ ವೀಸಾ ಕೆಲಸ

ಮೊದಲ ಸಲ ವಿದೇಶಕ್ಕೆ ಹೊರಡುವವರು ಸಾಮಾನ್ಯವಾಗಿ ಟಿಕೆಟ್‌ನಿಂದ ಶುರು ಮಾಡುತ್ತಾರೆ. ಯುರೋಪಿನ ಮಟ್ಟಿಗೆ ಇದು ತಲೆಕೆಳಗಾದ ಲೆಕ್ಕ. ಅಲ್ಲಿ ವೀಸಾ ಅರ್ಜಿ ಹಾಕುವುದಕ್ಕೂ ಒಂದು ಅವಧಿ ಗೊತ್ತುಮಾಡಿದ್ದಾರೆ. ಹೊರಡುವ ದಿನಕ್ಕೆ ಆರು ತಿಂಗಳಿಗಿಂತ ಮುಂಚೆ ಹಾಕುವ ಹಾಗಿಲ್ಲ, ಹದಿನೈದು ದಿನಕ್ಕಿಂತ ಕಡಿಮೆ ಉಳಿದಿದ್ದರೂ ಹಾಕುವ ಹಾಗಿಲ್ಲ. ಈ ಎರಡರ ನಡುವೆ ನೀವು ಯಾವಾಗ ಅರ್ಜಿ ಹಾಕುತ್ತೀರಿ ಅನ್ನುವುದರ ಮೇಲೆ ಅರ್ಧ ಕೆಲಸ ನಿಂತಿದೆ.

ಶಿರಸಿ ಕಡೆಯ ಒಂದು ದಂಪತಿ ಅಂದುಕೊಳ್ಳೋಣ. ಗಂಡನಿಗೆ ಅಡಿಕೆ ತೋಟ, ಹೆಂಡತಿ ಸರ್ಕಾರಿ ಶಾಲೆಯ ಟೀಚರ್. ಬೇಸಿಗೆ ರಜೆಯಲ್ಲಿ, ಮೇ 10ರಂದು ಪ್ಯಾರಿಸ್‌ನಲ್ಲಿ ಇಳಿದು ಮೇ 21ರಂದು ರೋಮ್‌ನಿಂದ ವಾಪಸ್ಸು ಹೊರಡುವ ಯೋಚನೆ. ಪ್ಯಾರಿಸ್‌ನಲ್ಲಿ ನಾಲ್ಕು ರಾತ್ರಿ, ಸ್ವಿಟ್ಜರ್ಲೆಂಡಿನಲ್ಲಿ ನಾಲ್ಕು, ರೋಮ್‌ನಲ್ಲಿ ಮೂರು. ಮೂರು ದೇಶಕ್ಕೂ ಒಂದೇ ಶೆಂಗೆನ್ ವೀಸಾ ಸಾಕು. ಇಂಥ 29 ದೇಶಗಳಿವೆ.

ಯಾವ ದೇಶಕ್ಕೆ ಅರ್ಜಿ?

ಜಾಸ್ತಿ ದಿನ ಎಲ್ಲಿ ಇರುತ್ತೀರೋ ಆ ದೇಶಕ್ಕೆ. ದಿನಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ನಮ್ಮ ದಂಪತಿಗೆ ಪ್ಯಾರಿಸ್ ಮತ್ತು ಸ್ವಿಟ್ಜರ್ಲೆಂಡ್ ನಾಲ್ಕು-ನಾಲ್ಕು ರಾತ್ರಿ ಆಗಿರುವುದರಿಂದ ಅರ್ಜಿ ಫ್ರಾನ್ಸ್‌ಗೆ ಹೋಗಬೇಕು. ಪ್ಯಾರಿಸ್‌ನ ಒಂದು ರಾತ್ರಿಯನ್ನು ಆಲ್ಪ್ಸ್ ಕಡೆಗೆ ಸರಿಸಿದರೆ ಲೆಕ್ಕ ಬದಲಾಗಿ ಸ್ವಿಸ್ ಅರ್ಜಿ ಆಗುತ್ತದೆ. ಹಾಗಾಗಿ ಹೋಟೆಲ್ ಹುಡುಕುವ ಮೊದಲು ರಾತ್ರಿಗಳನ್ನು ಎಣಿಸಿ.

‘ಆ ದೇಶದವರು ಬೇಗ ಕೊಡ್ತಾರಂತೆ’ ಎಂದು ಹೋಗದ ಊರಿನ ಹೋಟೆಲ್ ಬುಕ್ ಮಾಡಿ, ವೀಸಾ ಬಂದ ಮೇಲೆ ರದ್ದು ಮಾಡುವವರಿದ್ದಾರೆ. ಇಳಿದ ಕಡೆ ಗಡಿ ಅಧಿಕಾರಿ ಹೋಟೆಲ್ ಕಾಗದ ಕೇಳಿದರೆ ಆಗ ಉತ್ತರ ಇರುವುದಿಲ್ಲ.

ಕ್ಯಾಲೆಂಡರ್ ಹಿಂದಿನಿಂದ ಓದಿ

ಮೇ 10ರಿಂದ ಆರು ತಿಂಗಳು ಹಿಂದೆ ಅಂದರೆ ನವೆಂಬರ್ 10. ಅಲ್ಲಿಂದ ಬಾಗಿಲು ತೆರೆಯುತ್ತದೆ. ಏಪ್ರಿಲ್ 25ಕ್ಕೆ ಮುಚ್ಚುತ್ತದೆ. ಅರ್ಜಿ ತೀರ್ಮಾನಕ್ಕೆ ನಿಯಮದ ಪ್ರಕಾರ 15 ದಿನ. ಆದರೆ ಹೆಚ್ಚಿನ ಪರಿಶೀಲನೆ ಬೇಕೆನಿಸಿದರೆ ಅದನ್ನು 45 ದಿನದವರೆಗೆ ಎಳೆಯಬಹುದು. ಆ 45 ದಿನವನ್ನೇ ಗಟ್ಟಿ ಎಂದುಕೊಂಡರೆ ಮಾರ್ಚ್ 26ರೊಳಗೆ ಅರ್ಜಿ ಅವರ ಕೈಯಲ್ಲಿರಬೇಕು. ನಾನಾದರೆ ಮಾರ್ಚ್ ಮೊದಲ ವಾರವನ್ನೇ ಗುರಿ ಇಟ್ಟುಕೊಳ್ಳುತ್ತೇನೆ.

ಇನ್ನೊಂದು ವಿಷಯ ಇದೆ. ನಿಯಮದಲ್ಲಿ ಕಾಣದ, ಆದರೆ ಎಲ್ಲರನ್ನೂ ಸಿಕ್ಕಿಸುವ ಕಾಯುವಿಕೆ ಅಪಾಯಿಂಟ್‌ಮೆಂಟ್‌ನದು. 15 ದಿನದ ಲೆಕ್ಕ ಶುರುವಾಗುವುದು ಅರ್ಜಿ ಸ್ವೀಕಾರವಾದ ಮೇಲೆ. ಸ್ಲಾಟ್‌ಗಾಗಿ ಕಾದ ದಿನಗಳು ಅದರೊಳಗೆ ಬರುವುದಿಲ್ಲ. ಬೇಸಿಗೆ ರಜೆಯ ಪ್ರಯಾಣಿಕರೆಲ್ಲ ಮಾರ್ಚ್-ಏಪ್ರಿಲ್‌ನಲ್ಲಿ ಮುಗಿಬೀಳುತ್ತಾರೆ. ಆದ್ದರಿಂದ ಜನವರಿಯಲ್ಲೇ ಸ್ಲಾಟ್ ನೋಡಲು ಶುರು ಮಾಡಬೇಕು. ಫ್ರಾನ್ಸ್ ಅರ್ಜಿಯನ್ನು ಮೊದಲು france-visas.gouv.fr ತಾಣದಲ್ಲಿ ತುಂಬಬೇಕು. ಆಮೇಲೆ ಕಾನ್ಸುಲೇಟ್ ಪರವಾಗಿ ಅರ್ಜಿ ಪಡೆಯುವ ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲಿ ಸಮಯ ತೆಗೆದುಕೊಳ್ಳಬೇಕು. ಹತ್ತೂ ಬೆರಳಿನ ಗುರುತು ಕೊಡಬೇಕಾದ್ದರಿಂದ ಮೊದಲ ಸಲದವರು ಇಬ್ಬರೂ ಖುದ್ದು ಹೋಗಲೇಬೇಕು. ಕೊಟ್ಟ ಗುರುತು 59 ತಿಂಗಳು ಕಡತದಲ್ಲಿರುತ್ತದೆ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಬೆರಳ ಗುರುತು ಬೇಡ.

ಈ ಲೆಕ್ಕದಲ್ಲಿ ನವೆಂಬರ್-ಡಿಸೆಂಬರ್ ಪಾಸ್‌ಪೋರ್ಟ್‌ಗೆ. ಪೊಲೀಸ್ ಪರಿಶೀಲನೆ ಎಲ್ಲಾ ಸೇರಿ ಅದಕ್ಕೂ ಸಮಯ ಬೇಕಲ್ವಾ? ಪಾಸ್‌ಪೋರ್ಟ್ ಹಳೆಯದಿದ್ದರೆ ಮೂರು ಸಂಗತಿ ನೋಡಿ. ಅದು ಕಳೆದ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು. ಎರಡು ಪುಟ ಖಾಲಿ ಇರಬೇಕು. ಯುರೋಪ್ ಬಿಟ್ಟ ದಿನದಿಂದ ಕನಿಷ್ಠ ಮೂರು ತಿಂಗಳು, ಅಂದರೆ ಇಲ್ಲಿ ಆಗಸ್ಟ್ 21ರವರೆಗಾದರೂ, ಅವಧಿ ಉಳಿದಿರಬೇಕು.

ಟೀಚರ್‌ಗೆ ಇನ್ನೊಂದು ಕೆಲಸವೂ ಜನವರಿಯಲ್ಲೇ ಆಗಬೇಕು. ಸರ್ಕಾರಿ ನೌಕರರು ವಿದೇಶಕ್ಕೆ ಹೋಗಲು ಇಲಾಖೆಯ ಅನುಮತಿ ಬೇಕು. ‘ಹೇಗೂ ಬೇಸಿಗೆ ರಜೆ’ ಎಂದು ಸುಮ್ನೆ ಕೂರುವಂತಿಲ್ಲ. ಕಡತ ಮೇಜಿನಿಂದ ಮೇಜಿಗೆ ಹೋಗಿ ಬರುವಷ್ಟರಲ್ಲಿ ಸ್ಲಾಟ್‌ನ ದಿನ ಬಂದಿರುತ್ತದೆ. ಖಾಸಗಿ ಕೆಲಸದವರಿಗೆ ಕಂಪನಿಯ ಪತ್ರ ಸಾಕು. ಅದರಲ್ಲಿ ಹುದ್ದೆ, ಸಂಬಳ, ರಜೆ ಮಂಜೂರಾದ ದಿನಾಂಕ, ಮತ್ತೆ ಕೆಲಸಕ್ಕೆ ಹಾಜರಾಗುವ ದಿನ ಇರಲಿ.

ದುಡ್ಡಿನ ಕಾಗದ

ಜಾಸ್ತಿ ಅರ್ಜಿಗಳು ಮುಗ್ಗರಿಸುವುದು ಇಲ್ಲಿ. ಎಷ್ಟು ದುಡ್ಡಿರಬೇಕು? ಹೋಟೆಲ್ ಬುಕ್ ಆಗಿದ್ದರೆ ಒಬ್ಬರಿಗೆ ದಿನಕ್ಕೆ 65 ಯೂರೋ ಎಂದು ಫ್ರಾನ್ಸ್ ಹೇಳುತ್ತದೆ. ಹನ್ನೆರಡು ದಿನ, ಇಬ್ಬರಿಗೆ 1,560 ಯೂರೋ. ಯೂರೋಗೆ ನೂರು ರೂಪಾಯಿ ಹಿಡಿದರೂ ಒಂದೂವರೆ ಲಕ್ಷ ಚಿಲ್ಲರೆ. ಅಷ್ಟೇನಾ ಅನ್ನಿಸಬಹುದು. ಆದರೆ ಅದು ಬರೀ ಕನಿಷ್ಠ. ಅಧಿಕಾರಿ ಕೊನೆಯ ಸಾಲಿನ ಮೊತ್ತಕ್ಕಿಂತ ಮೂರು ತಿಂಗಳ ಸ್ಟೇಟ್‌ಮೆಂಟಿನ ನಡೆಯನ್ನು ನೋಡುತ್ತಾರೆ: ದುಡ್ಡು ಎಲ್ಲಿಂದ ಬರುತ್ತದೆ, ತಿಂಗಳ ಖರ್ಚು ಎಷ್ಟು, ಪ್ರವಾಸ ಮುಗಿದ ಮೇಲೂ ಏನಾದರೂ ಉಳಿಯುತ್ತದಾ?

ಟೀಚರ್ ಸ್ಟೇಟ್‌ಮೆಂಟ್ ಸುಲಭ. ತಿಂಗಳು ತಿಂಗಳು ಸಂಬಳ, ಜೊತೆಗೆ ಮೂರು ತಿಂಗಳ ವೇತನ ಚೀಟಿ, ಫಾರ್ಮ್ 16. ತೋಟದವರದು ಬೇರೆ ಕಥೆ. ವರ್ಷದಲ್ಲಿ ಎರಡು-ಮೂರು ಸಲ ಮಾತ್ರ ದೊಡ್ಡ ಮೊತ್ತ ಬರುತ್ತದೆ. ಜನವರಿಯಲ್ಲಿ ಅಡಿಕೆ ಮಾರಿದ 4 ಲಕ್ಷ ಒಂದೇ ಸಲ ಜಮೆಯಾಗಿದ್ದರೆ, ತೋಟದ ಪರಿಚಯವಿಲ್ಲದ ಅಧಿಕಾರಿಗೆ ಅದು ವೀಸಾಗಾಗಿ ಯಾರಿಂದಲೋ ತಂದು ಹಾಕಿದ ಹಣದ ಹಾಗೇ ಕಾಣುತ್ತದೆ. ಅಂಥ ಪ್ರತಿಯೊಂದು ದೊಡ್ಡ ಜಮೆಯ ಪಕ್ಕದಲ್ಲಿ ಪೆನ್ಸಿಲ್‌ನಿಂದ ಒಂದು ಅಂಕಿ ಬರೆದು, ಅದೇ ಅಂಕಿಯ ಮಾರಾಟದ ಬಿಲ್ಲನ್ನು ಹಿಂದೆ ಇಡಿ. ಹಿಂದಿನ ವರ್ಷದ ಬಿಲ್ಲೂ ಇದ್ದರೆ ಇದು ಪ್ರತಿ ವರ್ಷದ ಆದಾಯ ಎಂದು ಗೊತ್ತಾಗುತ್ತದೆ. ಎಫ್‌ಡಿ ಮುರಿಸಿದ್ದರೆ ಅದರ ಬ್ಯಾಂಕ್ ಕಾಗದ, ಮಗ ಕಳಿಸಿದ್ದರೆ ಅವನ ಪತ್ರ ಮತ್ತು ಅವನದೇ ಸ್ಟೇಟ್‌ಮೆಂಟ್ ಇಡಿ.

ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಹಾಗಾಗಿ ತೋಟದವರ ಹತ್ತಿರ ರಿಟರ್ನ್ಸ್ ಇಲ್ಲದಿರಬಹುದು. ಇದನ್ನು ಮುಚ್ಚಿಡುವ ಅಗತ್ಯವಿಲ್ಲ, ಕವರಿಂಗ್ ಲೆಟರಿನಲ್ಲಿ ಒಂದು ಸಾಲು ಬರೆದರೆ ಆಯಿತು. ತೋಟಕ್ಕೆ ಪಹಣಿ ಇಡಿ. ಆದರೆ ಪಹಣಿ, ಬಿಲ್ಲು, ಮದುವೆ ನೋಂದಣಿ ಪತ್ರ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಮಾಡಿಸಿ, ಮೂಲದ ಪ್ರತಿಯೊಂದಿಗೆ ಇಡಬೇಕು. ಪಹಣಿ ಇಲ್ಲಿ ಬರೀ ಆಸ್ತಿ ತೋರಿಸುವುದಕ್ಕಲ್ಲ. ಊರಿಗೆ ವಾಪಸ್ಸು ಬರಲು ನಿಮಗೊಂದು ಕಾರಣ ಇದೆ ಎನ್ನುವುದಕ್ಕೂ ಅದೇ ಸಾಕ್ಷಿ. ಟೀಚರ್‌ಗೆ ಆ ಕೆಲಸವನ್ನು ಇಲಾಖೆಯ ಅನುಮತಿ ಪತ್ರ ಮಾಡುತ್ತದೆ.

ಹೆಸರಿನ ತೊಡಕು ನಮ್ಮ ಕಡೆ ಸಾಮಾನ್ಯ. ಪಹಣಿಯಲ್ಲಿ ‘ಗಣಪತಿ ಬಿನ್ ಸುಬ್ರಾಯ’, ಬ್ಯಾಂಕಿನಲ್ಲಿ ‘ಜಿ.ಎಸ್. ಹೆಗಡೆ’, ಪಾಸ್‌ಪೋರ್ಟಿನಲ್ಲಿ ‘ಗಣಪತಿ ಸುಬ್ರಾಯ ಹೆಗಡೆ’. ನಮಗೆ ಮೂವರೂ ಒಬ್ಬರೇ, ಕಾನ್ಸುಲೇಟ್‌ಗೆ ಮೂರು ಜನ. ಬ್ಯಾಂಕಿನಲ್ಲಿ ಹೆಸರು ಪಾಸ್‌ಪೋರ್ಟಿನಂತೆ ತಿದ್ದಿಸಿಕೊಳ್ಳುವುದು ಒಳ್ಳೆಯದು. ಅದಕ್ಕೂ ಡಿಸೆಂಬರ್ ಸೂಕ್ತ. ಟಿಕೆಟ್, ವಿಮೆ, ಹೋಟೆಲ್ ಮೂರನ್ನೂ ಪಾಸ್‌ಪೋರ್ಟಿನ ಹೆಸರಿನಲ್ಲೇ ಮಾಡಿ.

ಬುಕಿಂಗ್ ಮತ್ತು ವಿಮೆ

ವೀಸಾ ಕೈಗೆ ಬರುವ ಮುಂಚೆ ಹಣ ವಾಪಸ್ ಬಾರದ ಟಿಕೆಟ್ ಕೊಳ್ಳಬೇಡಿ. ರಿಸರ್ವೇಶನ್ ಸಾಕು. ಆದರೆ ಐನೂರು ರೂಪಾಯಿಗೆ ಸಿಗುವ ನಕಲಿ ಟಿಕೆಟ್ ಬೇಡ. ಪಿಎನ್‌ಆರ್ ಹಾಕಿ ನೋಡಿದಾಗ ಏನೂ ಬರದಿದ್ದರೆ ಮಿಕ್ಕ ಒಳ್ಳೆಯ ಕಾಗದಗಳ ಮೇಲೂ ಅನುಮಾನ ಬೀಳುತ್ತದೆ. ಏರ್‌ಲೈನ್ ಅಥವಾ ಏಜೆಂಟ್ ಮೂಲಕ ತಡೆಹಿಡಿದ ನಿಜವಾದ ಸೀಟು, ಉಚಿತವಾಗಿ ರದ್ದು ಮಾಡಬಹುದಾದ ಹೋಟೆಲ್ ತೆಗೆದುಕೊಳ್ಳಿ. ಹನ್ನೊಂದು ರಾತ್ರಿಗೂ ಹೋಟೆಲ್ ಇದೆಯಾ, ಇಬ್ಬರ ಹೆಸರೂ ಇದೆಯಾ ನೋಡಿ. ಒಂದು ರಾತ್ರಿ ಬಿಟ್ಟುಹೋಗುವುದು ಊರಿಂದ ಊರಿಗೆ ಹೋಗುವ ದಿನ, ಹೆಚ್ಚಾಗಿ.

ವಿಮೆ ಕನಿಷ್ಠ 30,000 ಯೂರೋದ್ದು, ಶೆಂಗೆನ್ ದೇಶಗಳಲ್ಲೆಲ್ಲ ನಡೆಯುವಂಥದ್ದು, ತುರ್ತು ಚಿಕಿತ್ಸೆ ಮತ್ತು ಕಾಯಿಲೆಬಿದ್ದರೆ ಅಥವಾ ತೀರಿಕೊಂಡರೆ ಸ್ವದೇಶಕ್ಕೆ ತರುವ ಖರ್ಚು ಎರಡೂ ಸೇರಿದ್ದು. ನಮ್ಮ ಕಂಪನಿಗಳ ಪಾಲಿಸಿ ಡಾಲರಿನಲ್ಲಿರುತ್ತದೆ, 50,000 ಡಾಲರಿನದು ತೆಗೆದುಕೊಂಡರೆ ಚಿಂತೆ ಇಲ್ಲ. ಬಿಪಿ, ಶುಗರ್ ಇದ್ದವರು ಹಳೆಯ ಕಾಯಿಲೆಯ ಷರತ್ತನ್ನು ಓದಿ. ವೀಸಾಗೆ ನಡೆಯುವ ಪಾಲಿಸಿ ಆಸ್ಪತ್ರೆಯಲ್ಲೂ ನಡೆಯುತ್ತದೆ ಎಂದೇನಿಲ್ಲ.

ಕೊನೆಯ ವಾರ, ಕೌಂಟರಿನ ದಿನ

ಸ್ಟೇಟ್‌ಮೆಂಟನ್ನು ಅಪಾಯಿಂಟ್‌ಮೆಂಟಿನ ವಾರದಲ್ಲೇ ಬ್ಯಾಂಕಿನ ಸೀಲು, ಸಹಿಯೊಂದಿಗೆ ತೆಗೆಸಿ. ಫೆಬ್ರುವರಿ ಮೊದಲ ವಾರದ್ದನ್ನು ಮಾರ್ಚ್‌ನಲ್ಲಿ ಕೊಟ್ಟರೆ ಹೊಸದು ತನ್ನಿ ಎನ್ನಬಹುದು, ಶಿರಸಿಯಿಂದ ಬೆಂಗಳೂರಿಗೆ ಬಂದವರಿಗೆ ಅದು ಸಣ್ಣ ಮಾತಲ್ಲ. ಫೋಟೊ 35x45 ಮಿಲಿಮೀಟರ್ ಅಳತೆಯದು, ಇತ್ತೀಚಿನದು. ದೊಡ್ಡವರಿಗೆ ವೀಸಾ ಶುಲ್ಕ ತಲಾ 90 ಯೂರೋ, ರೂಪಾಯಿಯಲ್ಲಿ ಕಟ್ಟುವುದು. 6ರಿಂದ 11 ವರ್ಷದ ಮಕ್ಕಳಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಕೇಂದ್ರದ ಸೇವಾ ಶುಲ್ಕ ಬೇರೆ. ವೀಸಾ ಸಿಗದಿದ್ದರೂ ದುಡ್ಡು ವಾಪಸ್ ಬರುವುದಿಲ್ಲ.

ಕೌಂಟರಿನವರು ಕಾಗದ ಪಡೆದು ಕಳಿಸುವವರಷ್ಟೇ, ತೀರ್ಮಾನ ಅವರದ್ದಲ್ಲ. ‘ಇದು ಬೇಡ’ ಎಂದು ಅವರು ಬಿಲ್ಲು ಹಿಂದಿರುಗಿಸಿದರೆ, ಆ ಜಮೆಗೆ ಇದೇ ವಿವರಣೆ, ದಯವಿಟ್ಟು ಇಡಿ ಎಂದು ಹೇಳಿ. ಅಂದಿನಿಂದ ಪಾಸ್‌ಪೋರ್ಟ್ ಅವರ ಬಳಿಯೇ ಇರುತ್ತದೆ.

ನಿರಾಕರಣೆ ಬಂದರೆ ಕಾರಣ ಗುರುತು ಮಾಡಿದ ಪತ್ರ ಜೊತೆಗಿರುತ್ತದೆ. ಹಣದ ಕಾರಣವಾ, ಪ್ರವಾಸದ ಉದ್ದೇಶ ನಂಬಿಕೆಯಾಗಲಿಲ್ಲವಾ, ವಾಪಸ್ಸು ಬರುವ ಬಗ್ಗೆ ಅನುಮಾನವಾ ಎನ್ನುವುದನ್ನು ಓದಿ ಆ ಕಾಗದವನ್ನೇ ಸರಿಪಡಿಸಿ. ಅದೇ ಫೈಲನ್ನು ಇನ್ನೊಂದು ದೇಶಕ್ಕೆ ಒಯ್ಯುವುದರಿಂದ ಪ್ರಯೋಜನವಿಲ್ಲ. ಹಿಂದಿನ ಅರ್ಜಿ ಎಲ್ಲಾ ಶೆಂಗೆನ್ ದೇಶಗಳಿಗೂ ಕಾಣುತ್ತದೆ.

ವೀಸಾ ಬಂದರೆ ಕವರ್ ತೆರೆದ ಕೂಡಲೇ ಸ್ಟಿಕ್ಕರ್ ಓದಿ. ಹೆಸರು, ಪಾಸ್‌ಪೋರ್ಟ್ ಸಂಖ್ಯೆ ಸರಿಯಾ? ‘ಈ ದಿನದಿಂದ’ ಎಂಬಲ್ಲಿ ಮೇ 10, ‘ಈ ದಿನದವರೆಗೆ’ ಎಂಬಲ್ಲಿ ಜೂನ್ 5 ಎಂದಿದ್ದರೆ ಜೂನ್ 5ರವರೆಗೆ ಇರಬಹುದು ಎಂದಲ್ಲ. ವಿಮಾನ ತಪ್ಪಿದರೆ ಎಂದು ಹದಿನೈದು ದಿನದ ಆಚೀಚೆ ಕೊಟ್ಟಿರುತ್ತಾರೆ. ಇರಬಹುದಾದದ್ದು ಪಕ್ಕದಲ್ಲಿ ಬರೆದ 12 ದಿನ ಮಾತ್ರ, ಇಳಿದ ದಿನ ಹೊರಟ ದಿನ ಎರಡೂ ಸೇರಿ. ಎಂಟ್ರಿ ಎಂಬಲ್ಲಿ 1 ಎಂದಿದ್ದರೆ ಪ್ಯಾರಿಸ್‌ನಿಂದ ಲಂಡನ್‌ಗೆ ಒಂದು ದಿನ ಹೋಗಿ ಬರುವ ಆಸೆ ಬಿಡಬೇಕು. ಶೆಂಗೆನ್ ಗಡಿ ದಾಟಿದರೆ ಆ ಒಂದು ಪ್ರವೇಶ ಮುಗಿಯಿತು, ಬ್ರಿಟನ್‌ಗೆ ಬೇರೆಯದೇ ವೀಸಾ ಬೇಕು. ಹೋಟೆಲ್, ವಾಪಸ್ ಟಿಕೆಟ್, ವಿಮೆಯ ಒಂದು ಪ್ರತಿಯನ್ನು ಚೆಕ್-ಇನ್ ಸೂಟ್‌ಕೇಸಿಗೆ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಿ, ಪ್ಯಾರಿಸ್‌ನಲ್ಲಿ ಲಗೇಜ್ ಸಿಗುವುದು ಪಾಸ್‌ಪೋರ್ಟ್ ತಪಾಸಣೆ ಆದ ಮೇಲೆ.